ಮೊಬೈಲ್ ಪರದೆಯ ಲಾಭಕ್ಕೆ ತೆರಿಗೆ

ನಮ್ಮ ಯಜಮಾನರು ಟೆಲಿಗ್ರಾಂ ಗುಂಪಿನವರ ಮಾತು ಕೇಳಿ ಒಂದು ಕ್ರಿಪ್ಟೊ ಆ್ಯಪ್‌ಗೆ 20,000 ರೂಪಾಯಿ ಹಾಕಿದರು. ವಾರದಲ್ಲೇ 3,000 ಲಾಭ ಬ್ಯಾಂಕಿಗೆ ಬಂತು. ಆ ಧೈರ್ಯದ ಮೇಲೆ ಇದುವರೆಗೆ ಒಟ್ಟು 6,40,000 ಹಾಕಿದ್ದಾರೆ. ಆ್ಯಪ್‌ನಲ್ಲಿ ಈಗ 23,00,000 ಇದೆ. ತೆಗೆಯಲು ಹೋದರೆ ಲಾಭಕ್ಕೆ ಶೇ. 30 ತೆರಿಗೆ, ಅಂದರೆ 4,98,000 ಮೊದಲು ಕಟ್ಟಿ ಎನ್ನುತ್ತಾರೆ. ಒಡವೆ ಅಡವಿಟ್ಟು ಕಟ್ಟೋಣ ಅಂತ ಇವರ ಹಟ. ಏನು ಮಾಡಲಿ?
– ಓದುಗರು, ದಾವಣಗೆರೆ

ಸಂಪಾದಕರ ಉತ್ತರ:

ಕಟ್ಟಬೇಡಿ. ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಾರಣವನ್ನು ಯಜಮಾನರಿಗೆ ಓದಿ ಹೇಳಲು ಅನುಕೂಲವಾಗಲೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ತೆರಿಗೆಯಿಂದಲೇ ಶುರು ಮಾಡೋಣ, ಏಕೆಂದರೆ ಅವರನ್ನು ನಂಬಿಸಿರುವುದು ಆ ಶೇ. 30. ಅದು ಸುಳ್ಳು ಸಂಖ್ಯೆಯಲ್ಲ. 2022ರ ಏಪ್ರಿಲ್‌ನಿಂದ ನಮ್ಮಲ್ಲಿ ಕ್ರಿಪ್ಟೊ ಲಾಭಕ್ಕೆ ಶೇ. 30 ತೆರಿಗೆ ಇದ್ದೇ ಇದೆ, ಅದರ ಮೇಲೆ ಸೆಸ್ಸೂ ಇದೆ. ವಂಚಕರು ಪತ್ರಿಕೆ ಓದುತ್ತಾರೆ! ಆದರೆ ಈ ತೆರಿಗೆಯನ್ನು ನಾವು ನಮ್ಮ ಪ್ಯಾನ್ ನಂಬರಿನಲ್ಲಿ ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತೇವೆ, ಆ್ಯಪ್‌ನವರ ಕೈಗೆ ಕೊಡುವುದಿಲ್ಲ. ಕ್ರಿಪ್ಟೊ ಕೊಂಡು ಮಾರಲು ಇಲ್ಲಿರುವ ಎಕ್ಸ್‌ಚೇಂಜ್‌ಗಳು ಮಾರಾಟದ ವೇಳೆ ಶೇ. 1 ಟಿಡಿಎಸ್ ಹಿಡಿಯುತ್ತವೆ. ಅದನ್ನು ಮಾರಿದ ಹಣದಲ್ಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತವೆ, ಮುರಿದುಕೊಂಡದ್ದು ಮುಂದೆ ಇಲಾಖೆಯ ಜಾಲತಾಣದಲ್ಲಿ ನಮ್ಮ ಪ್ಯಾನ್‌ನ ತೆರಿಗೆ ವಿವರದಲ್ಲಿ ಕಾಣಿಸುತ್ತದೆ.

ಹಾಗಾಗಿ ಯಜಮಾನರು ಆ ಕಸ್ಟಮರ್ ಕೇರ್‌ನವರಿಗೆ ಒಂದೇ ಮಾತು ಕೇಳಲಿ: ನನ್ನ 23 ಲಕ್ಷ ನಿಮ್ಮ ಹತ್ತಿರವೇ ಇದೆಯಲ್ಲ, ಅದರಲ್ಲೇ 4,98,000 ಮುರಿದುಕೊಂಡು ಉಳಿದ 18,02,000 ಕಳಿಸಿ. ‘ವ್ಯಾಲೆಟ್ ಲಾಕ್ ಆಗಿದೆ’, ‘ಹಣ ಹೊರಗಿನಿಂದಲೇ ಬರಬೇಕು, ಇದು ನಿಯಮ’ ಎಂಬಂಥ ಉತ್ತರ ಬರುತ್ತದೆ. ಮುರಿದುಕೊಳ್ಳಲು ಅಲ್ಲಿ ಹಣವೇ ಇಲ್ಲ.

ಹಾಗಾದರೆ ಪರದೆಯ ಮೇಲಿನ 23 ಲಕ್ಷ ಎಲ್ಲಿಂದ ಬಂತು? ಇಂಥ ಆ್ಯಪ್‌ನ ಹಿಂದೆ ನಡೆಸುವವರಿಗೆ ಮಾತ್ರ ಕಾಣುವ ಒಂದು ಪುಟ ಇರುತ್ತದೆ. ಯಾರ ಖಾತೆಯಲ್ಲಿ ಎಷ್ಟು ತೋರಿಸಬೇಕೋ ಅಲ್ಲಿ ಟೈಪ್ ಮಾಡಿದರೆ ಆಯಿತು. ಬಿಟ್‌ಕಾಯಿನ್ ದರದ ಗೆರೆ ಮಾತ್ರ ಅಸಲಿಯೇ ಇರಬಹುದು. ಅದನ್ನು ನಿಜವಾದ ಮಾರುಕಟ್ಟೆಯಿಂದ ಎತ್ತಿ ತೋರಿಸುತ್ತಾರೆ. ಟಿವಿಯಲ್ಲಿ ಹೇಳುವ ದರಕ್ಕೂ ಆ್ಯಪ್‌ನ ದರಕ್ಕೂ ತಾಳೆಯಾಗುವುದನ್ನು ಕಂಡು ಓದಿದವರೂ ಮೋಸ ಹೋಗುತ್ತಾರೆ. ದರ ನಿಜ, ನಿಮ್ಮ ಹೆಸರಿನಲ್ಲಿ ನಡೆದ ಖರೀದಿ ಮಾತ್ರ ಸುಳ್ಳು.

‘ಆ 3,000 ನಿಜವಾಗಿ ಬಂತಲ್ಲ’ ಎಂದು ಅವರು ವಾದಿಸಬಹುದು. ಬಂತು. ಆದರೆ ಆ ಹೊತ್ತಿಗೆ ನಿಮ್ಮ 20,000 ಅವರ ಹತ್ತಿರ ಇತ್ತು. ಹಾಕಿದ್ದಕ್ಕಿಂತ ಕಡಿಮೆ ವಾಪಸ್ ಕೊಡುವುದರಲ್ಲಿ ಅವರಿಗೆ ನಷ್ಟವೇನೂ ಇಲ್ಲ. ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿ ಆ 3,000 ಯಾರ ಖಾತೆಯಿಂದ ಬಂದಿದೆ ನೋಡಿ. ಕಂಪನಿಯ ಹೆಸರಿನ ಬದಲು ಯಾರೋ ಅಪರಿಚಿತ ವ್ಯಕ್ತಿಯ ಹೆಸರಿದ್ದರೆ ಅಚ್ಚರಿಪಡಬೇಡಿ. ನೀವು ಹಣ ಕಳಿಸಿದ ಖಾತೆಗಳ ಹೆಸರೂ ಪ್ರತಿ ಸಲ ಬೇರೆಯಾಗಿರಬಹುದು. ಇವು ಕಮಿಷನ್ ಆಸೆಗೆ ಬಾಡಿಗೆ ಕೊಟ್ಟ ಖಾತೆಗಳು. ಆ 3,000 ನಿಮ್ಮಂಥ ಇನ್ನೊಬ್ಬರು ಕಳೆದುಕೊಂಡ ಹಣವೂ ಆಗಿರಬಹುದು. ಅವರು ದೂರು ಕೊಟ್ಟರೆ ನಿಮ್ಮ ಖಾತೆಗೂ ತಡೆ ಬೀಳುವುದುಂಟು, ಗಾಬರಿಯಾಗದೆ ಬ್ಯಾಂಕಿಗೆ ನಡೆದದ್ದನ್ನು ಹೇಳಿ.

ಹಣವನ್ನು ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಎಂಬ ಕ್ರಿಪ್ಟೊ ನಾಣ್ಯದ ರೂಪದಲ್ಲಿ ಕಳಿಸಿದ್ದರೆ ಇನ್ನೊಂದು ಜಾಡು ಸಿಗುತ್ತದೆ. ಅದು ಟ್ರಾನ್ ಎಂಬ ಕ್ರಿಪ್ಟೊ ಜಾಲದಲ್ಲಿ ಹೋಗಿದ್ದರೆ ನೀವು ಕಳಿಸಿದ ವಿಳಾಸ T ಅಕ್ಷರದಿಂದ ಶುರುವಾಗುತ್ತದೆ, ಅದನ್ನು tronscan.org ನಲ್ಲಿ ಹಾಕಿದರೆ ಹಣ ಎಲ್ಲಿಗೆ ಹೋಯಿತೆಂದು ಯಾರು ಬೇಕಾದರೂ ನೋಡಬಹುದು. ವಿಳಾಸ ಖಾಲಿಯಾಗಿದೆ ಎಂಬುದೊಂದೇ ಮೋಸಕ್ಕೆ ಸಾಕ್ಷಿಯಲ್ಲ, ಒಳ್ಳೆಯ ಎಕ್ಸ್‌ಚೇಂಜ್‌ಗಳೂ ಬಂದ ಹಣವನ್ನು ತಮ್ಮ ದೊಡ್ಡ ವ್ಯಾಲೆಟ್‌ಗೆ ಸಾಗಿಸುತ್ತವೆ. ಆದರೂ ಆ ವಿಳಾಸ ಪೊಲೀಸರಿಗೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲೂ ದೂರು ದಾಖಲಿಸಿ. ಪ್ರತಿ ಪಾವತಿಗೆ ಬ್ಯಾಂಕ್ ಕೊಡುವ ಯುಟಿಆರ್ ಎಂಬ ಗುರುತಿನ ನಂಬರು, ದಿನಾಂಕ, ಮೊತ್ತ ಕೈಯಲ್ಲಿರಲಿ. ಕೊನೆಯದಾಗಿ ಕಳಿಸಿದ ಹಣದಿಂದ ಶುರು ಮಾಡಿ. ಹಳೆಯದು ಆಗಲೇ ನಾಲ್ಕಾರು ಖಾತೆ ದಾಟಿರುತ್ತದೆ, ಹೊಸದು ಎಲ್ಲಾದರೂ ನಿಂತಿದ್ದರೆ ಬ್ಯಾಂಕುಗಳು ತಡೆಹಿಡಿಯಬಹುದು. ಹಾಕಿದ 6,40,000 ಪೂರ್ತಿ ವಾಪಸ್ ಬಂದೀತೆಂದು ಆಸೆ ಹುಟ್ಟಿಸಲಾರೆ. ಗುಂಪಿನಿಂದ ಹೊರಬರುವ ಮುನ್ನ ಮಾತುಕತೆ, ಬ್ಯಾಲೆನ್ಸ್, ತೆರಿಗೆ ಕೇಳಿದ ಸಂದೇಶ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಜಗಳವಾಡಿದರೆ ಅವರು ಎಲ್ಲವನ್ನೂ ಅಳಿಸಿಬಿಡುತ್ತಾರೆ. ದೂರಿನ ನಂಬರು ಹಿಡಿದು ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಇಬ್ಬರೂ ಹೋಗಿ ಬನ್ನಿ.

ಇಷ್ಟಾದ ಮೇಲೆ ಇನ್ನೊಂದು ಫೋನ್ ಬರಬಹುದು. ವಕೀಲರೆಂದೋ ಸೈಬರ್ ತಜ್ಞರೆಂದೋ ಹೇಳಿಕೊಂಡು, ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಲು ಇಷ್ಟು ಶುಲ್ಕ ಎನ್ನುತ್ತಾರೆ. ನೀವು ಕಳೆದುಕೊಂಡ ಮೊತ್ತವೂ ಅವರಿಗೆ ಗೊತ್ತಿದ್ದರೆ, ಆ ಮಾಹಿತಿ ಅವರಿಗೆ ಎಲ್ಲಿಂದ ಸಿಕ್ಕಿತೆಂದು ಯೋಚಿಸಿ, ಫೋನ್ ಇಟ್ಟುಬಿಡಿ.