ಹದಿನಾಲ್ಕು ಸಂದರ್ಶನ, ನೂರ ಅರವತ್ತು ಕೋಡ್, ಥೀಮ್ ಮಾತ್ರ ಒಂದೂ ಇಲ್ಲ

ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ 14 ಹೆಂಗಸರನ್ನು ಶಕ್ತಿ ಯೋಜನೆಯ ಬಗ್ಗೆ ಮಾತಾಡಿಸಿದ ರೆಕಾರ್ಡಿಂಗ್‌ಗಳನ್ನು ಟ್ರಾನ್ಸ್‌ಕ್ರಿಪ್ಟ್ ಮಾಡಿದ್ದೇನೆ. ಮಾತಿನ ಒಂದೊಂದು ತುಣುಕಿನ ಪಕ್ಕ ಅದರ ಅರ್ಥ ಹೇಳುವ ಚುಟುಕು ಹೆಸರು ಬರೆಯುತ್ತಾ ಹೋದಾಗ 160 ಕೋಡ್ ಬಂದವು. ಅವನ್ನು ‘ಅನುಕೂಲಗಳು’, ‘ತೊಂದರೆಗಳು’, ‘ಕುಟುಂಬ’, ‘ಸಲಹೆಗಳು’ ಅಂತ ನಾಲ್ಕು ಥೀಮ್ ಮಾಡಿದೆ. ಗೈಡ್ ‘ಇವು ಥೀಮೇ ಅಲ್ಲ’ ಅಂತ ವಾಪಸ್ ಕಳಿಸಿದ್ದಾರೆ. ತಪ್ಪೇನು? (ಇಂಟರ್ನ್, ಬೆಂಗಳೂರು)

ಗೈಡ್ ಹೇಳಿದ್ದು ಸರಿ. ಆ ನಾಲ್ಕು ಹೆಸರುಗಳನ್ನು ಒಬ್ಬರನ್ನೂ ಮಾತಾಡಿಸದೆ ಬರೆದಿಡಬಹುದಿತ್ತು. ನಿಮ್ಮ ಪ್ರಶ್ನಾವಳಿ ತೆಗೆದು ನೋಡಿ. ಏನು ಅನುಕೂಲವಾಯಿತು, ಏನು ತೊಂದರೆ, ಮನೆಯವರು ಏನಂತಾರೆ, ಸರ್ಕಾರಕ್ಕೆ ಏನು ಹೇಳ್ತೀರಿ ಎಂಬ ಪ್ರಶ್ನೆಗಳು ಅಲ್ಲಿರುತ್ತವೆ. ನೀವು ಕೇಳಿದ ಪ್ರಶ್ನೆಗಳನ್ನೇ ಉತ್ತರಗಳ ಮೇಲೆ ತಲೆಬರಹವಾಗಿ ಅಂಟಿಸಿದ್ದೀರಿ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಇದೇ ತಪ್ಪಿನವು, ಆದ್ದರಿಂದ ಈ ಸಲ ಇದಕ್ಕೇ ಜಾಗ ಕೊಡುತ್ತೇನೆ.

ವಿಷಯ ಬೇರೆ, ಥೀಮ್ ಬೇರೆ. ‘ಕುಟುಂಬ’ ಒಂದು ವಿಷಯ. ಕುಟುಂಬದ ಬಗ್ಗೆ ಆ ಹೆಂಗಸರ ಮಾತುಗಳು ಒಟ್ಟಾಗಿ ಏನನ್ನು ಸೂಚಿಸುತ್ತವೆ ಎಂದು ನೀವು ಒಂದು ವಾಕ್ಯದಲ್ಲಿ ಹೇಳಿದರೆ, ಮತ್ತು ಆ ವಾಕ್ಯ ಸರಿಯೋ ತಪ್ಪೋ ಎಂದು ಟ್ರಾನ್ಸ್‌ಕ್ರಿಪ್ಟ್ ಇಟ್ಟುಕೊಂಡು ವಾದ ಮಾಡಲು ಸಾಧ್ಯವಾದರೆ, ಅದು ಥೀಮ್. ಥೀಮ್ ವಿಶ್ಲೇಷಣೆಯ ಆರು ಹಂತಗಳನ್ನು 2006ರಲ್ಲಿ ಬರೆದ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ಆಮೇಲಿನ ಬರಹಗಳಲ್ಲಿ ಮತ್ತೆ ಮತ್ತೆ ಎಚ್ಚರಿಸಿದ್ದೂ ಇದನ್ನೇ: ವಿಷಯವಾರು ಸಾರಾಂಶವನ್ನು ಥೀಮ್ ಎಂದು ಕರೆಯಬೇಡಿ. ಆರು ಹಂತಗಳನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ, ಈ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ.

ನಿಮ್ಮ ತಪ್ಪು ಥೀಮ್ ಹಂತದಲ್ಲಿ ಶುರುವಾದದ್ದಲ್ಲ, ಕೋಡ್ ಹಂತದಲ್ಲೇ ಆಗಿದೆ. ಒಂದು ತುಣುಕು ನೋಡಿ. ಇದು ವಿವರಿಸಲೆಂದು ನಾನೇ ಕಟ್ಟಿದ ಮಾದರಿ:

“ಮುಂಚೆ ಬಸ್ ಚಾರ್ಜಿಗೆ ಅಂತ ಮನೇಲಿ ಕೇಳ್ಬೇಕಿತ್ತು. ಈಗ ಅದೊಂದಿಲ್ಲ. ಆದ್ರೆ… (3 ಸೆಕೆಂಡ್ ಮೌನ) ಎಲ್ಲಿಗೆ ಅಂತ ಹೇಳ್ಲೇಬೇಕಲ್ಲ. ದುಡ್ಡೇನೋ ಉಳೀತದೆ, ಮನೆ ಖರ್ಚಿಗೇ ಹೋಗ್ತದೆ ಅದು.”

ಇದರ ಪಕ್ಕದಲ್ಲಿ ಇಂಟರ್ನ್ ಬರೆಯುವ ಕೋಡ್ ‘ಹಣ ಉಳಿತಾಯ’, ಇಲ್ಲವೇ ‘ಕುಟುಂಬದ ಪಾತ್ರ’. ಅಲ್ಲಿಗೆ ಆ ಮೌನ ಹೋಯಿತು, ‘ಹೇಳ್ಲೇಬೇಕಲ್ಲ’ ಎಂಬ ಮಾತಿನ ಬಿಗಿ ಹೋಯಿತು, ಉಳಿದ ದುಡ್ಡು ಯಾರ ಕೈ ಸೇರುತ್ತದೆ ಎಂಬ ಸಂಗತಿಯೂ ಹೋಯಿತು. ನಾಮಪದದ ಕೋಡು ಯಾವಾಗಲೂ ಮಾತನ್ನು ಹೀಗೇ ನುಂಗುತ್ತದೆ. ಕೋಡಿನಲ್ಲಿ ಕ್ರಿಯಾಪದ ಇರಲಿ. ಇದೇ ತುಣುಕಿಗೆ ಮೂರು ಕೋಡ್ ಬರೆಯಬಹುದು: ‘ಚಾರ್ಜಿಗೆ ದುಡ್ಡು ಕೇಳುವುದು ತಪ್ಪಿತು’, ‘ಎಲ್ಲಿಗೆ ಎಂದು ಹೇಳುವುದು ತಪ್ಪಲಿಲ್ಲ’, ‘ಉಳಿದ ದುಡ್ಡು ಅವಳ ಕೈಯಲ್ಲಿ ನಿಲ್ಲುವುದಿಲ್ಲ’. ಟ್ರಾನ್ಸ್‌ಕ್ರಿಪ್ಟ್ ಮುಚ್ಚಿಟ್ಟು ಕೋಡ್ ಮಾತ್ರ ಓದಿದರೂ ಆ ಹೆಂಗಸು ಏನು ಹೇಳಿದಳೆಂದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಕೋಡ್ ಮತ್ತೆ ಬರೆಯಿರಿ. 160ನ್ನೂ ಹೀಗೆ ತಿದ್ದಲು ಮೂರ್ನಾಲ್ಕು ದಿನ ಹಿಡಿಯುತ್ತದೆ. ಅದಕ್ಕೆ ಅಡ್ಡದಾರಿ ಇಲ್ಲ.

ತಿದ್ದಿದ ಮೇಲೆ ಎಕ್ಸೆಲ್‌ನಲ್ಲಿ ಒಂದು ಮಾತಿಗೆ ಒಂದು ಸಾಲಿನಂತೆ ಹಾಕಿ. ಐದು ಕಾಲಂ ಸಾಕು: ಸಂದರ್ಶನದ ಸಂಖ್ಯೆ, ಆಡಿಯೊದ ನಿಮಿಷ ಮತ್ತು ಸೆಕೆಂಡ್, ಅವಳ ಮಾತು, ಕೋಡ್, ನಿಮ್ಮ ಟಿಪ್ಪಣಿ. ಒಂದೇ ಮಾತಿಗೆ ಮೂರು ಕೋಡ್ ಇದ್ದರೆ ಸಾಲನ್ನು ನಕಲು ಮಾಡಿ ಕೋಡಿಗೊಂದರಂತೆ ಮೂರು ಸಾಲು ಮಾಡಿ, ಇಲ್ಲದಿದ್ದರೆ ಸಾರ್ಟ್ ಮಾಡುವಾಗ ಎರಡು ಕೋಡ್ ಕಣ್ಮರೆಯಾಗುತ್ತವೆ. ಆಮೇಲೆ ಕೋಡ್‌ಗಳನ್ನು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ. ಇದು ಹಳೇ ಪದ್ಧತಿಯೆಂದು ಕೈಬಿಡಬೇಡಿ. ಪರದೆಯ ಮೇಲೆ ಒಂದು ಸಲಕ್ಕೆ ಮೂವತ್ತು ಸಾಲು ಕಾಣುತ್ತದೆ, ನೆಲದ ಮೇಲೆ ನೂರ ಅರವತ್ತೂ ಕಾಣುತ್ತವೆ.

ಗುಂಪು ಮಾಡುವಾಗ ‘ಇವೆರಡೂ ಯಾವುದರ ಬಗ್ಗೆ?’ ಎಂದು ಕೇಳಿಕೊಂಡರೆ ಮತ್ತೆ ‘ಕುಟುಂಬ’ಕ್ಕೇ ಬಂದು ನಿಲ್ಲುತ್ತೀರಿ. ‘ಇವೆರಡನ್ನೂ ಪಕ್ಕದಲ್ಲಿಟ್ಟರೆ ಏನು ಹೇಳಿದಂತಾಗುತ್ತದೆ?’ ಎಂದು ಕೇಳಿಕೊಳ್ಳಿ. ಮೇಲಿನ ಮೂರು ಕೋಡ್‌ಗಳ ಹತ್ತಿರಕ್ಕೆ ಬೇರೆ ಸಂದರ್ಶನಗಳಿಂದ ‘ಭಾನುವಾರ ತವರಿಗೆ ಹೋಗಲು ಗಂಡನ ಒಪ್ಪಿಗೆ ಬೇಕು’, ‘ಟಿಕೆಟ್ ಇಲ್ಲವೆಂದು ಸುಮ್ಮನೆ ತಿರುಗ್ತಾಳೆ ಅನ್ನುತ್ತಾರೆ’ ಎಂಬವು ಬಂದು ಸೇರಿದವು ಎನ್ನೋಣ. ಆಗ ಒಂದು ಥೀಮಿನ ಕರಡು ಸಿಗುತ್ತದೆ: ‘ಬಸ್ ಚಾರ್ಜು ಹೋಯಿತು, ಅಪ್ಪಣೆ ಉಳಿಯಿತು’. ಗಮನಿಸಿ, ಇದರಲ್ಲಿ ನಿಮ್ಮ ‘ಅನುಕೂಲ’, ‘ತೊಂದರೆ’, ‘ಕುಟುಂಬ’ ಮೂರರ ಚೂರುಗಳೂ ಇವೆ. ನಿಮ್ಮ ಹಳೆಯ ಪಟ್ಟಿ ಇವನ್ನು ಮೂರು ಕಡೆ ಹಂಚಿಬಿಟ್ಟಿತ್ತು. ಹಾಗಾಗಿಯೇ ಕಾಣಲಿಲ್ಲ.

ಇಲ್ಲಿಗೆ ನಿಲ್ಲಿಸಬೇಡಿ. ಕರಡು ಥೀಮನ್ನು ಮುರಿಯಲು ನೋಡಿ. ಹದಿನಾಲ್ಕೂ ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಮತ್ತೆ ಓದಿ, ಈ ವಾಕ್ಯಕ್ಕೆ ಎದುರಾಗಿ ಹೋಗುವವರನ್ನು ಹುಡುಕಿ. ಪಿಜಿಯಲ್ಲಿರುವ ಇಬ್ಬರು ‘ನಮ್ಮನ್ನು ಯಾರು ಕೇಳ್ತಾರೆ’ ಎಂದಿದ್ದರೆ ಥೀಮ್ ಬಿದ್ದುಹೋಗುವುದಿಲ್ಲ, ಅದರ ಗಡಿ ಗೊತ್ತಾಗುತ್ತದೆ: ಇದು ಮನೆಯವರ ಜೊತೆ ಇರುವವರ ಮಾತು. ಆ ಗಡಿಯನ್ನು ವರದಿಯಲ್ಲಿ ಬರೆಯಿರಿ. ಆದರೆ ಗಂಡ, ಅತ್ತೆ ಎಲ್ಲರೂ ಇರುವ ಮನೆಯ ನಾಲ್ವರು ‘ಈಗ ಹೇಳದೇ ಹೋಗಿಬರ್ತೀನಿ’ ಎಂದಿದ್ದರೆ ಥೀಮ್ ತಪ್ಪು. ಚೀಟಿ ಚೆಲ್ಲಿ ಮತ್ತೆ ಶುರು ಮಾಡಿ.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ಥೀಮಿಗೆ ಆಧಾರವಾದ ಪ್ರತಿ ಮಾತಿನ ಹಿಂದಿನ ಪ್ರಶ್ನೆ ಏನಿತ್ತು ಎಂದು ನೋಡಿ. ಸಂದರ್ಶಕಿಯೇ ‘ಮನೇಲಿ ಪರ್ಮಿಷನ್ ಕೇಳ್ಬೇಕಾ?’ ಎಂದು ಕೇಳಿ ಅವಳು ‘ಹ್ಞೂಂ ಮತ್ತೆ’ ಎಂದಿದ್ದರೆ ಅಪ್ಪಣೆಯ ಮಾತು ತಂದವರು ನೀವು. ಅಂಥ ಸಾಲಿನ ಮುಂದೆ ಟಿಪ್ಪಣಿ ಕಾಲಂನಲ್ಲಿ ‘ಕೇಳಿದ್ದಕ್ಕೆ’ ಎಂದೂ, ತಾವಾಗಿ ಹೇಳಿದ್ದರೆ ‘ತಾನಾಗಿ’ ಎಂದೂ ಗುರುತು ಹಾಕಿ. ಆಧಾರದ ಮಾತುಗಳೆಲ್ಲ ‘ಕೇಳಿದ್ದಕ್ಕೆ’ ಆಗಿದ್ದರೆ ಆ ಥೀಮನ್ನು ನಾನಂತೂ ವರದಿಯಲ್ಲಿ ಬಿಡುವುದಿಲ್ಲ. ಪ್ರಶ್ನೆಗಳನ್ನು ಬಿಟ್ಟು ಉತ್ತರ ಮಾತ್ರ ಟೈಪ್ ಮಾಡುವವರಿಗೆ ಈ ಪರೀಕ್ಷೆ ಮಾಡಲು ದಾರಿಯೇ ಇರುವುದಿಲ್ಲ. ಸಂದರ್ಶಕಿಯ ಮಾತನ್ನೂ ಪೂರ್ತಿ ಬರೆಯಿರಿ.

14 ಸಂದರ್ಶನಕ್ಕೆ ಇಂಥ ಮೂರು ಥೀಮ್ ಸಿಕ್ಕರೆ ಸಾಕು. ಹತ್ತು ಇವೆ ಅನ್ನುವವರ ಹತ್ತಿರ ಇರುವುದು ಕೋಡ್‌ಗಳೇ.

ಆಡಿಯೊ ಕನ್ನಡದಲ್ಲಿದೆ, ವರದಿ ಇಂಗ್ಲಿಷಿನಲ್ಲಿ ಬೇಕು. ಕೇಳುತ್ತಾ ನೇರ ಇಂಗ್ಲಿಷಿಗೇ ಟೈಪ್ ಮಾಡಿದರೆ ಸಮಯ ಉಳಿಯುತ್ತದಲ್ಲವೇ? (ಎಂಎಸ್‌ಡಬ್ಲ್ಯು ವಿದ್ಯಾರ್ಥಿ, ಧಾರವಾಡ)

ಸಮಯ ಉಳಿಯುತ್ತದೆ, ದತ್ತಾಂಶ ಉಳಿಯುವುದಿಲ್ಲ. ‘ಕಂಡಕ್ಟರ್ ಬೈತಾರೆ’ ಎಂದರೆ ಅವಳು ಬೈಸಿಕೊಂಡಿರಬಹುದು, ಬೈಯುವುದನ್ನು ನೋಡಿರಬಹುದು. ‘ಬೈತಾರಂತೆ’ ಎಂದರೆ ಯಾರೋ ಹೇಳಿದ್ದು. ನೇರ ಇಂಗ್ಲಿಷಿಗೆ ಇಳಿಸುವಾಗ ಆ ‘ಅಂತೆ’ ಬಿದ್ದುಹೋಗುತ್ತದೆ, ಕೇಳಿದ ಸುದ್ದಿ ಅವಳ ಅನುಭವವಾಗಿ ವರದಿಗೆ ಹೋಗುತ್ತದೆ. ಸೂಪರ್‌ವೈಸರ್‌ನನ್ನು ಅರ್ಧ ಗಂಟೆ ‘ಅವರು’ ಎನ್ನುತ್ತಿದ್ದವಳು ಓವರ್‌ಟೈಮಿನ ಮಾತು ಬಂದ ಕೂಡಲೇ ‘ಅವನು’ ಎಂದರೆ, ಸಿಟ್ಟು ಎಲ್ಲಿದೆಯೆಂದು ತೋರಿಸುವುದು ಆ ಒಂದು ಸರ್ವನಾಮ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ.

ಆದ್ದರಿಂದ ಮೊದಲು ಕನ್ನಡದಲ್ಲಿ, ಅವರು ಆಡಿದ ಹಾಗೇ ಬರೆಯಿರಿ. ‘ಹೋಗ್ತೇನ್ರೀ’ ಎಂದವರದ್ದನ್ನು ‘ಹೋಗುತ್ತೇನೆ’ ಮಾಡಬೇಡಿ. ಕೋಡ್ ಕೂಡ ಕನ್ನಡ ಪಠ್ಯದ ಮೇಲೆಯೇ ಮಾಡಿ. ಇಂಗ್ಲಿಷಿಗೆ ತರುವುದು ವರದಿಯಲ್ಲಿ ಉಲ್ಲೇಖಿಸುವ ಇಪ್ಪತ್ತು ಮೂವತ್ತು ಮಾತುಗಳನ್ನು ಮಾತ್ರ. ಅದನ್ನು ಇನ್ನೊಬ್ಬರಿಗೆ ತೋರಿಸಿ, ಮೂಲಕ್ಕೆ ಹೊಂದುತ್ತದೆಯೇ ಎಂದು ಕೇಳಿ.

ಸ್ಪಷ್ಟವಾದ ಒಂದು ಗಂಟೆಯ ಆಡಿಯೊಗೆ ನಾಲ್ಕರಿಂದ ಆರು ಗಂಟೆ ಹಿಡಿದುಕೊಳ್ಳಿ, ಗುಂಪು ಚರ್ಚೆಗೆ ಅದರ ಹತ್ತಿರ ಹತ್ತಿರ ಎರಡರಷ್ಟು. ವಿಎಲ್‌ಸಿಯಲ್ಲಿ `[` ಒತ್ತಿದರೆ ವೇಗ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, `]` ಒತ್ತಿದರೆ ಏರುತ್ತದೆ, `Shift` ಮತ್ತು ಎಡ ಬಾಣ ಮೂರು ಸೆಕೆಂಡ್ ಹಿಂದಕ್ಕೆ ಒಯ್ಯುತ್ತದೆ. ಟೈಪ್ ಯುನಿಕೋಡ್‌ನಲ್ಲೇ ಇರಲಿ. ಹಳೆಯ ಆಸ್ಕಿ ನುಡಿ ಫಾಂಟಿನಲ್ಲಿ ಮಾಡಿದ ಫೈಲನ್ನು ಎಕ್ಸೆಲ್‌ಗೆ ತಂದಾಗ ಫಾಂಟ್ ಬದಲಾದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ‘ಕೇಳ್ಬೇಕು’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ.

ಕೇಳಿಸದ ಜಾಗದಲ್ಲಿ ಸಂದರ್ಭ ನೋಡಿ ತುಂಬಬಹುದೇ?

ಕೂಡದು. [ಕೇಳಿಸದು 14:32] ಎಂದು ಬರೆಯಿರಿ. ಊಹೆ ಬಲವಾಗಿದ್ದರೆ [ಪಗಾರ? 14:32]. ಹೆಡ್‌ಫೋನ್‌ನಲ್ಲಿ ಮೂರು ಸಲ ಕೇಳಿದ ಮೇಲೂ ಸಿಗದ್ದನ್ನು ಮರುದಿನ ಬೆಳಿಗ್ಗೆ ಒಮ್ಮೆ ಕೇಳಿ. ಬಹಳ ಸಲ ಆಗ ಸಿಗುತ್ತದೆ.

14 ಜನರಲ್ಲಿ 9 ಜನ ಹೇಳಿದ್ದನ್ನು ‘ಶೇ 64’ ಎಂದು ಬರೆಯಬಹುದೇ?

ಬೇಡ. ನೀವು ಮಾತಾಡಿಸಿದವರು ಸಿಕ್ಕವರು, ಲಾಟರಿ ಎತ್ತಿ ಆರಿಸಿದವರಲ್ಲ.

ಎನ್‌ವಿವೊ ಸಾಫ್ಟ್‌ವೇರ್ ಇಲ್ಲದೆ ವಿಶ್ಲೇಷಣೆಗೆ ಬೆಲೆ ಇಲ್ಲ ಅಂತಾರೆ, ನಿಜವೇ?

ಸುಳ್ಳು. ಅದು ನಿಮ್ಮ ಕೋಡ್‌ಗಳನ್ನು ಜೋಡಿಸಿಡುತ್ತದೆ, ‘ಹಣ ಉಳಿತಾಯ’ ಎಂದು ಬರೆದರೆ ಅದನ್ನೂ ಅಚ್ಚುಕಟ್ಟಾಗಿ ಜೋಡಿಸಿಡುತ್ತದೆ.

ಒಂದು ಡಿಟಿಪಿ ಸೆಂಟರ್‌ನವರು ವಾಟ್ಸಾಪ್‌ನಲ್ಲಿ ಆಡಿಯೊ ಕಳಿಸಿದರೆ ಟೈಪ್ ಮಾಡಿ, ‘ಥೀಮ್ ಸಮೇತ’ ಕೊಡುತ್ತೇವೆ ಅನ್ನುತ್ತಾರೆ. ಕೊಡಬಹುದೇ?

ಕೊಡಬೇಡಿ. ರೆಕಾರ್ಡರ್ ಹಚ್ಚುವ ಮುಂಚೆ ಆ ಹೆಂಗಸಿಗೆ ‘ಇದನ್ನು ನಮ್ಮ ತಂಡ ಬಿಟ್ಟು ಬೇರೆ ಯಾರೂ ಕೇಳುವುದಿಲ್ಲ’ ಎಂದು ಹೇಳಿ ಸಹಿ ಹಾಕಿಸಿಕೊಂಡಿದ್ದೀರಿ. ಸೂಪರ್‌ವೈಸರ್ ಬಗ್ಗೆ ಅವಳು ಆಡಿದ ಮಾತು ಆಡಿದ ದನಿಯಲ್ಲೇ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಅದು ಫ್ಯಾಕ್ಟರಿ ತಲುಪಿದರೆ ಕೆಲಸ ಕಳೆದುಕೊಳ್ಳುವವಳು ಅವಳು. ಟೈಪಿಸ್ಟ್ ಬೇಕೇ ಬೇಕೆಂದರೆ ಗೈಡ್‌ಗೆ ಹೇಳಿ, ಒಪ್ಪಿಗೆ ಪತ್ರದಲ್ಲಿ ಅದನ್ನು ಸೇರಿಸಿ, ಗೋಪ್ಯತೆಗೆ ಟೈಪಿಸ್ಟ್‌ನಿಂದ ಬರವಣಿಗೆಯಲ್ಲಿ ಸಹಿ ಪಡೆದು ಆಮೇಲೆ ಕೊಡಿ. ಇನ್ನು ಸಂದರ್ಶನದಲ್ಲಿ ಕೂತಿರದವರು ಥೀಮ್ ಮಾಡಿಕೊಡುತ್ತೇವೆ ಎನ್ನುವುದು ಮೋಸ. ದುಡ್ಡು ತೆಗೆದುಕೊಂಡು ಅವರು ಕೊಡುವುದು ‘ಅನುಕೂಲಗಳು’, ‘ತೊಂದರೆಗಳು’, ‘ಸಲಹೆಗಳು’.

ಹೆಸರು ತೆಗೆದು ‘ಪ್ರತಿಕ್ರಿಯೆದಾರ 7’ ಎಂದು ಹಾಕಿದರೆ ಸಾಕೇ?

ಸಾಲದು. ‘ಮಾಗಡಿ ಕಡೆಯಿಂದ ಬರುವ, ಇಬ್ಬರು ಅವಳಿ ಮಕ್ಕಳಿರುವ, ಎರಡನೇ ಲೈನಿನ ಟೈಲರ್’ ಎಂದು ಬರೆದರೆ ಇಡೀ ಫ್ಲೋರಿಗೆ ಅವಳು ಯಾರೆಂದು ಗೊತ್ತಾಗುತ್ತದೆ. ಊರನ್ನು ‘ಹೊರವಲಯದ ಹಳ್ಳಿ’ ಮಾಡಿ, ಅವಳಿ ಮಕ್ಕಳನ್ನು ‘ಮಕ್ಕಳು’ ಮಾಡಿ. ಯಾವ ಸಂಖ್ಯೆ ಯಾರದ್ದು ಎಂಬ ಪಟ್ಟಿಯನ್ನು ಪಾಸ್‌ವರ್ಡ್ ಹಾಕಿ ಟ್ರಾನ್ಸ್‌ಕ್ರಿಪ್ಟ್ ಇಲ್ಲದ ಬೇರೆ ಜಾಗದಲ್ಲಿಡಿ.