ಕಿಟಕಿಯ ಹಿಡಿ ಸುಮ್ಮನೆ ಸುತ್ತುತ್ತದೆ, ಲಾಕ್ ಬೀಳುವುದಿಲ್ಲ

ಪ್ರಶ್ನೆ: ನಮ್ಮದು ಮಂಗಳೂರಿನಲ್ಲಿ ಆರನೇ ಮಹಡಿಯ ಫ್ಲ್ಯಾಟ್. ಯುಪಿವಿಸಿ ಕಿಟಕಿಯ ಹಿಡಿ ಮೊದಲು ಅಲ್ಲಾಡುತ್ತಿತ್ತು, ಈಗ ಗಿರಗಿರ ತಿರುಗುತ್ತದೆ, ಲಾಕ್ ಬೀಳುವುದೇ ಇಲ್ಲ. ಹಿಡಿಯ ಕತ್ತಿನಲ್ಲಿರುವ ಸಣ್ಣ ಸ್ಕ್ರೂ ಬಿಗಿ ಮಾಡಹೋದರೆ ಅಲೆನ್ ಕೀ ಜಾರುತ್ತದೆ. ಇಡೀ ಲಾಕ್ ಬದಲಿಸಬೇಕು ಎನ್ನುತ್ತಾರೆ ಕಾರ್ಪೆಂಟರ್. ಬೇಕೇ?

ಉತ್ತರ: ಬಹುಶಃ ಬೇಡ. ದುಡ್ಡು ಕೊಡುವ ಮೊದಲು ಐದು ನಿಮಿಷದ ಪರೀಕ್ಷೆಯೊಂದನ್ನು ನೀವೇ ಮಾಡಿ ನೋಡಿ.

ಕಿಟಕಿ ತೆರೆದಿರುವಾಗಲೇ ಹಿಡಿ ಬಿಚ್ಚಬೇಕು. ಹಿಡಿಯ ಬುಡದಲ್ಲಿರುವ ಮುಚ್ಚಳವನ್ನು ಸ್ವಲ್ಪ ನಿಮ್ಮ ಕಡೆಗೆ ಎಳೆದು ಪಕ್ಕಕ್ಕೆ ತಿರುಗಿಸಿದರೆ ಮೇಲೊಂದು, ಕೆಳಗೊಂದು ಸ್ಕ್ರೂ ಕಾಣುತ್ತದೆ. ಅವೆರಡನ್ನೂ ತೆಗೆದರೆ ಹಿಡಿ ಹೊರಬರುತ್ತದೆ. ಅದರ ಹಿಂದೆ ಚಾಚಿಕೊಂಡಿರುವ ಚೌಕ ಸರಳೇ ಸ್ಪಿಂಡಲ್, ಸಾಮಾನ್ಯವಾಗಿ 7 ಮಿ.ಮೀ. ದಪ್ಪ. ಕಿಟಕಿಯೊಳಗಿನ ಗೇರ್‌ಬಾಕ್ಸ್‌ನ ಚೌಕ ತೂತಿನಲ್ಲಿ ಅದು ಕೂತು, ಲಾಕಿನ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುತ್ತದೆ.

ಈಗ ಆ ತೂತಿಗೆ ಸವೆಯದ 7 ಮಿ.ಮೀ. ಚೌಕ ಸರಳೊಂದನ್ನು ತೂರಿಸಿ ಇಕ್ಕಳದಿಂದ ತಿರುಗಿಸಿ. ಪಕ್ಕದ ಕಿಟಕಿಯ ಹಿಡಿ ಬಿಚ್ಚಿ ಅದನ್ನೇ ಹಾಕಿ ನೋಡಿದರೂ ಆಯಿತು. ಕಿಟಕಿಯ ಅಂಚಿನಲ್ಲಿರುವ ಗುಂಡು ಮೊಳೆಗಳು ಸರಾಗವಾಗಿ ಸರಿದರೆ ಗೇರ್‌ಬಾಕ್ಸ್ ಚೆನ್ನಾಗಿದೆ, ರೋಗ ಹಿಡಿಯಲ್ಲಿದೆ. ಸರಳು ಹಿತವಾಗಿ ಕೂತಿದ್ದೂ ತೂತಿನಲ್ಲೇ ಸುತ್ತಿದರೆ, ಅಥವಾ ತೂತು ತಿರುಗಿದರೂ ಮೊಳೆಗಳು ಕದಲದಿದ್ದರೆ, ಕಾರ್ಪೆಂಟರ್ ಹೇಳಿದ್ದೇ ಸರಿ.

ನೀವು ಹೇಳುವ ಲಕ್ಷಣ ನೋಡಿದರೆ ಹಿಡಿಯ ಮೇಲೇ ನನ್ನ ಅನುಮಾನ. ಸ್ಪಿಂಡಲ್ ಅನ್ನು ಹಿಡಿಯೊಳಗೆ ಒತ್ತಿ ಹಿಡಿಯುವುದು ಕತ್ತಿನಲ್ಲಿರುವ ಆ ಸಣ್ಣ ಸ್ಕ್ರೂ, ಅದನ್ನು ಗ್ರಬ್ ಸ್ಕ್ರೂ ಎನ್ನುತ್ತಾರೆ. ಅದು ಸಡಿಲವಾದರೆ ಹಿಡಿ ತಿರುಗಿಸಿದಾಗಲೆಲ್ಲ ಸ್ಪಿಂಡಲ್ ಒಳಗೆ ಕುಲುಕಾಡುತ್ತದೆ, ಬಲವೆಲ್ಲ ನಾಲ್ಕು ಮೂಲೆಗಳ ಮೇಲೇ ಬೀಳುತ್ತದೆ. ಹಿಡಿ ಸಾಮಾನ್ಯವಾಗಿ ಸತುವಿನ ಎರಕ, ಮೆದು ಲೋಹ. ಚೌಕ ದುಂಡಾಗಲು ಇಷ್ಟು ಸಾಕು. ಸವೆದದ್ದು ಸ್ಪಿಂಡಲ್ಲೋ ತೂತೋ ಎಂದು ತಿಳಿಯಲು ಸ್ಪಿಂಡಲ್ಲಿನ ನಡುಭಾಗವನ್ನು ನೋಡಿ. ಅದು ಎಲ್ಲಿಯೂ ಉಜ್ಜದ ಜಾಗ, ಹೊಸದರಂತೆಯೇ ಇರುತ್ತದೆ. ತುದಿಯ ಮೂಲೆಗಳು ಅದಕ್ಕಿಂತ ದುಂಡಾಗಿದ್ದರೆ ಸ್ಪಿಂಡಲ್ ಬದಲಿಸಿ. ಹೊಸ ಸ್ಪಿಂಡಲ್ ಕೂಡ ಹಿಡಿಯ ತೂತಿನಲ್ಲಿ ಆಡಿದರೆ ತೂತೇ ಸವೆದಿದೆ, ಹಿಡಿಯನ್ನೇ ಹೊಸದು ತನ್ನಿ. ತಂಪುಪಾನೀಯದ ಡಬ್ಬಿಯ ತಗಡು ಕತ್ತರಿಸಿ ಸುತ್ತುವುದು ಒಂದೆರಡು ವಾರದ ಮಾತು. ಸೂಪರ್ ಗ್ಲೂ ಅಂತೂ ಬೇಡ, ಗೇರ್‌ಬಾಕ್ಸಿಗೆ ಇಳಿದರೆ ಇದ್ದದ್ದೂ ಕೆಡುತ್ತದೆ.

ಅಂಗಡಿಗೆ ಹೋಗುವಾಗ ಹಳೆಯ ಹಿಡಿ ಜೊತೆಗಿರಲಿ. ಅದರ ಬುಡದಿಂದ ಸ್ಪಿಂಡಲ್ ಎಷ್ಟು ಹೊರಗೆ ಚಾಚಿದೆ ಎಂದು ಅಳೆಯಿರಿ, ಜನ ಎಡವುವುದು ಇಲ್ಲೇ. ಉದಾಹರಣೆಗೆ 35 ಮಿ.ಮೀ. ಬೇಕಾದ ಕಡೆ 25ರದ್ದು ತಂದರೆ, ಅದು ಗೇರ್‌ಬಾಕ್ಸಿನ ಅಂಚನ್ನಷ್ಟೇ ಹಿಡಿದು ಕೆಲವೇ ದಿನಗಳಲ್ಲಿ ಆ ತೂತನ್ನೂ ತಿನ್ನುತ್ತದೆ. ಉದ್ದವಾದರೆ ಚಿಂತೆಯಿಲ್ಲ, ಹ್ಯಾಕ್ಸಾದಿಂದ ಕತ್ತರಿಸಿ ಅಂಚನ್ನು ಅರದಿಂದ ಉಜ್ಜಿದರಾಯಿತು. ಎರಡು ಸ್ಕ್ರೂ ತೂತುಗಳ ನಡುವಿನ ಅಂತರವೂ ತಾಳೆಯಾಗಬೇಕು. ಸಾಮಾನ್ಯವಾಗಿ ಅದು 43 ಮಿ.ಮೀ. ಇರುತ್ತದೆ.

ಸ್ಪಿಂಡಲ್ ಮಾತ್ರ ಬದಲಿಸುವುದಾದರೆ ಗ್ರಬ್ ಸ್ಕ್ರೂವನ್ನು ಮತ್ತೆ ಬಳಸಬೇಡಿ. ಒಳಗಿನ ಆರು ಮೂಲೆ ಸವೆದು ಕೀ ಜಾರುತ್ತಿದ್ದರೆ, ಸ್ವಲ್ಪವೇ ದೊಡ್ಡದಾದ ನಕ್ಷತ್ರಾಕಾರದ ಟಾರ್ಕ್ಸ್ ಬಿಟ್ ಒಂದನ್ನು ಹಗುರವಾಗಿ ಬಡಿದು ಕೂರಿಸಿ ತಿರುಗಿಸಿ, ಬರುತ್ತದೆ. ಕರಾವಳಿಯ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ವಾಸಿ. ಎಂ5 ಆದರೆ 2.5 ಮಿ.ಮೀ. ಕೀ, ಎಂ4 ಆದರೆ 2 ಮಿ.ಮೀ. ಸರಿಯಾದ ಅಳತೆಯ ಕೀ ಇಲ್ಲದಿದ್ದರೆ ಹೊಸದೂ ಸವೆಯುತ್ತದೆ. ಸ್ಕ್ರೂ ತಾಗುವ ಜಾಗದಲ್ಲಿ ಸ್ಪಿಂಡಲ್ ಮೇಲೆ ಅರದಿಂದ ಚಿಕ್ಕ ತಗ್ಗು ಮಾಡಿದರೆ ಅದು ಅಲ್ಲಿ ಕಚ್ಚಿಕೊಳ್ಳುತ್ತದೆ. ಎಣ್ಣೆ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಅಂಟು ಒಂದು ಹನಿ ಹಾಕಿ. ಹಿಡಿಯಲ್ಲಿನ ಥ್ರೆಡ್ಡೇ ಹೋಗಿದ್ದರೆ ಲೇತ್ ಅಂಗಡಿಯಲ್ಲಿ ಒಂದು ಸೈಜ್ ದೊಡ್ಡ ಟ್ಯಾಪ್ ಹೊಡೆಸಬಹುದು. ಆದರೆ ಆ ಖರ್ಚಿಗೆ ಹೊಸ ಹಿಡಿಯೇ ಬಂದೀತು.

ಇನ್ನೊಂದು ವಿಚಾರ. ಹಿಡಿಗೆ ಅಷ್ಟು ಬಲ ಹಾಕಬೇಕಾಗಿ ಬಂದದ್ದೇಕೆ? ತೆರೆದ ಕಿಟಕಿಯಲ್ಲಿ ಹಿಡಿ ಹಗುರವಾಗಿ ತಿರುಗಿ, ಮುಚ್ಚಿದಾಗ ಮಾತ್ರ ಬಿಗಿಯಾದರೆ ಕಿಟಕಿಯ ಬಾಗಿಲು ಜೋತುಬಿದ್ದಿದೆ, ಗುಂಡು ಮೊಳೆ ಚೌಕಟ್ಟಿನ ಕೊಕ್ಕೆಗೆ ತಾಗುತ್ತಿದೆ. ಕೀಲಿನ ಸ್ಕ್ರೂ ಬಿಗಿ ಮಾಡಿಸಿ, ಕೊಕ್ಕೆಯನ್ನು ಸರಿಯಾದ ಎತ್ತರಕ್ಕೆ ತರಿಸಿ. ಇಲ್ಲದಿದ್ದರೆ ಹೊಸ ಸ್ಪಿಂಡಲ್ಲಿಗೂ ಅದೇ ಗತಿ. ಆರನೇ ಮಹಡಿಯಲ್ಲಿ ಬಾಗಿಲು ಹೊರಕ್ಕೆ ತೆರೆಯುವಂಥದ್ದಾದರೆ ಕೀಲನ್ನು ನೀವು ಮುಟ್ಟಬೇಡಿ, ಕಿಟಕಿ ಫಿಟ್ಟರ್ ಮಾಡಲಿ.

ಭಾಗ ಸಿಗುವ ತನಕ ಕಿಟಕಿ ಮುಚ್ಚಿ, ಸ್ಪಿಂಡಲನ್ನು ಗೇರ್‌ಬಾಕ್ಸಿಗೆ ಹಾಕಿ ಇಕ್ಕಳದಿಂದ ಲಾಕ್ ಬೀಳುವ ತನಕ ತಿರುಗಿಸಿಡಿ. ಗಾಳಿಮಳೆಗೆ ಅದು ತೆರೆದುಕೊಳ್ಳುವುದಿಲ್ಲ.