ಕೆಂಪು, ಹಸಿರು ಗೆರೆ ಜೆರಾಕ್ಸ್‌ನಲ್ಲಿ ಒಂದೇ ಬೂದು

“ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಟೊಮೆಟೊ ದರದ ಚಾರ್ಟಿಗೆ ಕೆಂಪು, ಹಸಿರು, ನೀಲಿ ಗೆರೆ ಹಾಕಿದ್ದೇನೆ. ಜೆರಾಕ್ಸ್‌ನಲ್ಲಿ ಗುರುತೇ ಸಿಗ್ತಿಲ್ಲ. ಯಾವ ಬಣ್ಣ ಹಾಕಲಿ?”

ನಿಮ್ಮ ಕೆಂಪಿನ ಬಣ್ಣದ ಕೋಡ್ #FF0000, ಹಸಿರಿನದು #008000 ಆಗಿದ್ದರೆ ಬಣ್ಣ ಹೋದ ಮೇಲೆ ಎರಡೂ ಹೆಚ್ಚುಕಮ್ಮಿ ಒಂದೇ ಬೂದು: ಕಪ್ಪು 0, ಬಿಳಿ 255 ಅಂದುಕೊಂಡರೆ 76 ಮತ್ತು 75. ಬಣ್ಣಗುರುಡು ಇರುವ ಬಹಳಷ್ಟು ಜನರಿಗೂ ಈ ಜೋಡಿಯೇ ಕಷ್ಟ.

ಕೋಲಾರಕ್ಕೆ ಕಪ್ಪು, ಮುಳಬಾಗಿಲಿಗೆ ನೀಲಿ #0072B2, ಶ್ರೀನಿವಾಸಪುರಕ್ಕೆ ಕಿತ್ತಳೆ #E69F00 ಹಾಕಿ. ಬೂದಾದಾಗ ಇವು ಸುಮಾರು 0, 87, 162. ಅಂತರ ಚೆನ್ನಾಗಿದೆ, ಅಲ್ವಾ? ಕಿತ್ತಳೆ ಮಾತ್ರ ಬಿಳಿ ಹಾಳೆಯಲ್ಲಿ ಮಂಕಾಗುತ್ತದೆ, ಆ ಗೆರೆಯನ್ನು ಸ್ವಲ್ಪ ದಪ್ಪ ಮಾಡಿ. ನೀಲಿಯನ್ನು ತುಂಡುಗೆರೆ ಮಾಡಿದರೆ ಇನ್ನೂ ವಾಸಿ.

ಬದಿಯಲ್ಲಿರುವ ಬಣ್ಣದ ಪಟ್ಟಿಯನ್ನು ದಯವಿಟ್ಟು ತೆಗೆದುಬಿಡಿ. ಊರಿನ ಹೆಸರನ್ನು ಗೆರೆಯ ತುದಿಯಲ್ಲೇ ಬರೆಯಿರಿ. ಆಮೇಲೆ ಒಂದು ಹಾಳೆ ಜೆರಾಕ್ಸ್ ಮಾಡಿಸಿ ನೋಡಿ.